ಚದರ ಮೀಟರಿಗೆ ಇನ್ನೂರು ಗ್ರಾಂ

ಬೆಳೆ ಅಂದಾಜಿನ ಕಚೇರಿಯಲ್ಲಿ ಅವರಿಗಿದ್ದ ಅಡ್ಡಹೆಸರು ‘ಇಂಟು ನಾಲ್ಕು’. ಮೂವತ್ತೊಂದು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಕೊಯ್ಲಿಗೆ ಬಂದ ಹೊಲಕ್ಕೆ ಹೋಗುವುದು, ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲದ ಕಬ್ಬಿಣದ ಚೌಕಟ್ಟನ್ನು ಪೈರಿನೊಳಗೆ ಇಳಿಸುವುದು, ಅದರೊಳಗೆ ಸಿಕ್ಕ ತೆನೆಯನ್ನಷ್ಟೇ ಕೊಯ್ದು, ಬಡಿದು, ತೂರಿ, ಕಾಳು ತೂಗುವುದು. ತಕ್ಕಡಿ ಆರುನೂರು ಗ್ರಾಂ ತೋರಿಸಿದರೆ ಮುಳ್ಳು ನಿಲ್ಲುವ ಮೊದಲೇ ಇವರ ಬಾಯಿ, “ಇಂಟು ನಾಲ್ಕು, ಎಕರೆಗೆ ಎರಡು ಸಾವಿರದ ನಾನೂರು ಕೆಜಿ” ಎನ್ನುತ್ತಿತ್ತು. ಎಕರೆ ಎಂದರೆ ನಾಲ್ಕು ಸಾವಿರದ ನಲವತ್ತೇಳು ಚದರ ಮೀಟರ್. ಕೆಜಿ ಎಂದರೆ ಸಾವಿರ ಗ್ರಾಂ. ಹಾಗಾಗಿ ಚೌಕಟ್ಟಿನ ಗ್ರಾಮನ್ನು ನಾಲ್ಕರಿಂದ ಗುಣಿಸಿದರೆ ಎಕರೆಯ ಕೆಜಿ, ಹೆಚ್ಚುಕಡಿಮೆ ಸರಿಯಾಗಿ ಬರುತ್ತದೆ. ಆ ಲೆಕ್ಕ ಒಮ್ಮೆಯೂ ಅವರಿಗೆ ಕೈಕೊಟ್ಟಿರಲಿಲ್ಲ. ಮನುಷ್ಯನಿಗೆ ಸೊಕ್ಕು ಬರುವುದು ತಪ್ಪಿದ ಲೆಕ್ಕದಿಂದಲ್ಲ, ಯಾವತ್ತೂ ತಪ್ಪದ ಲೆಕ್ಕದಿಂದ.

ನಿವೃತ್ತಿಯ ದಿನ ಕಚೇರಿಯವರು ಗೋಡೆ ಗಡಿಯಾರ ಕೊಡಲು ಬಂದರೆ, “ಗಡಿಯಾರ ನೀವೇ ಇಟ್ಕೊಳ್ಳಿ, ನನಗೆ ಆ ಚೌಕಟ್ಟು ಕೊಡಿ” ಎಂದು ಅದನ್ನೂ ಕೊಕ್ಕೆಯ ತಕ್ಕಡಿಯನ್ನೂ ಹೊತ್ತುಕೊಂಡು ಮನೆಗೆ ಬಂದರು. ಹೆಂಡತಿ ಬಾಗಿಲಲ್ಲೇ ಹಣೆ ಚಚ್ಚಿಕೊಂಡರು. “ಎಲ್ಲರೂ ಹಿಡಿದ ಮೊಲಕ್ಕೆ ಮೂರೇ ಕಾಲು. ನಿಮ್ಮ ಮೊಲಕ್ಕೆ ಮಾತ್ರ ಇಂಟು ನಾಲ್ಕು!”

ಮನೆಯಲ್ಲಿ ಅವರನ್ನು ಮಾವ ಎಂದು ಕರೆಯುತ್ತಿದ್ದವಳು ಸೊಸೆ. ನಾವೂ ಹಾಗೇ ಕರೆಯೋಣ, ಅವರ ಹೆಂಡತಿಯನ್ನು ಅತ್ತೆ ಎನ್ನೋಣ. ಮಗ ದೂರದೂರಿನ ಬಸ್ಸು ಓಡಿಸುವವನು. ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಿರಲಿಲ್ಲ. ಸೊಸೆ ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಳು. ಈಗ ಎರಡು ತಿಂಗಳ ಗಂಡುಕೂಸನ್ನು ಮಡಿಲಲ್ಲಿಟ್ಟುಕೊಂಡು ರಜೆಯಲ್ಲಿದ್ದಳು. ಅವಳ ಎದೆಹಾಲು ಸಾಕಾಗುತ್ತಿರಲಿಲ್ಲ. ಕೂಸಿಗೆ ಡಬ್ಬದ ಪುಡಿಯ ಹಾಲು. ಆ ಹಾಲಿಗೆ ಬೇಕಾದ ನೀರಿನ ಜವಾಬ್ದಾರಿ ಅತ್ತೆಯದು. ನೆಲದಡಿಯ ತೊಟ್ಟಿಯ ನೀರನ್ನು ಸೋಸಿ, ಒಂದಲ್ಲ ಮೂರು ಕುದಿ ಕುದಿಸಿ, ಫ್ಲಾಸ್ಕಿಗೆ ತುಂಬಿ, “ಇದರಲ್ಲಿ ಒಂದು ಹುಳ ಬದುಕಿದ್ರೆ ನನ್ನ ಹೆಸರು ಬದಲಾಯಿಸಿ” ಎನ್ನುತ್ತಿದ್ದರು.

ತೊಟ್ಟಿ ಎಂದೆನಲ್ಲ, ಅದನ್ನು ಸ್ವಲ್ಪ ನೋಡಬೇಕು. ಬೀದಿಯ ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು, ಅದೂ ಮನಸ್ಸು ಬಂದರೆ. ಹೀಗಾಗಿ ಮಾವ ಆರು ವರ್ಷದ ಹಿಂದೆಯೇ ತಾರಸಿಯ ಮಳೆನೀರು ಮೂಲೆಯ ಕೊಳವೆಯಿಂದ ಇಳಿದು, ಮರಳು ಇದ್ದಿಲಿನ ಸೋಸುಗುಂಡಿ ದಾಟಿ, ನಾಲ್ಕು ಸಾವಿರ ಲೀಟರಿನ ತೊಟ್ಟಿ ಸೇರುವಂತೆ ಮಾಡಿದ್ದರು. ಅದೇ ತಾರಸಿಯ ಮೇಲೆ ಸೊಸೆಯ ಕೈತೋಟ. ಇಟ್ಟಿಗೆ ಕಟ್ಟಿದ ಐದು ಮಡಿ, ಒಂದೊಂದೂ ನಾಲ್ಕು ಮೀಟರ್ ಉದ್ದ, ಒಂದು ಮೀಟರ್ ಅಗಲ. ಒಟ್ಟು ಇಪ್ಪತ್ತು ಚದರ ಮೀಟರ್. ಇಷ್ಟು ವರ್ಷ ಆ ಮಡಿಗಳು ಕಂಡಿದ್ದು ಒಣಗಿದೆಲೆ, ತರಕಾರಿ ಸಿಪ್ಪೆಯ ಗೊಬ್ಬರ ಮಾತ್ರ.

ಆ ಬೇಸಿಗೆಯ ಕೊನೆಗೆ ಟೊಮೆಟೊ ಕಾಯಿಗಳ ತಳ ಕಪ್ಪಾಗಿ ಕೊಳೆಯಲು ಶುರುವಾಯಿತು. ಸೊಸೆ ಒಂದು ಕಾಯಿಯನ್ನು ಕವರಿಗೆ ಹಾಕಿಕೊಂಡು ಬೀದಿ ತುದಿಯ ನರ್ಸರಿಗೆ ಹೋಗಲು ಹೊರಟಾಗ ಮಾವನೂ ಚಪ್ಪಲಿ ಮೆಟ್ಟಿದರು. ನರ್ಸರಿಯಕ್ಕ ಕಾಯಿಯನ್ನು ತಿರುಗಿಸಿ ನೋಡಿ, “ಸುಣ್ಣದ ಅಂಶ ಸಾಲ್ತಿಲ್ಲ ಕಣಮ್ಮ. ಕ್ಯಾಲ್ಸಿಯಂ ನೈಟ್ರೇಟ್ ಹಾಕಿ” ಎಂದು ಐದು ಕೆಜಿಯ ಚೀಲ ಇಳಿಸಿದಳು. ಚೀಲದ ಮೇಲೆ ಬರೆದದ್ದು ಹೊಲದವರಿಗೆ: ಎಕರೆಗೆ ಐವತ್ತು ಕೆಜಿ.

“ತಾರಸಿಗೆ ಎಷ್ಟು ಅಂತ ದಿನಾ ಹತ್ತು ಜನ ಕೇಳ್ತಾರೆ. ನನಗೇನು ಗೊತ್ತು? ಒಂದು ಚಿಟಿಕೆ ಹಾಕಿ ಅಂತೀನಿ” ಎಂದಳು ನರ್ಸರಿಯಕ್ಕ.

ಮಾವನ ಮುಖ ಅರಳಿತು. ಎರಡು ವರ್ಷದಿಂದ ಅವರನ್ನು ಯಾರೂ ಎಕರೆಯ ಲೆಕ್ಕ ಕೇಳಿರಲಿಲ್ಲ. ಹಸಿದವನ ಮುಂದೆ ಎಲೆ ಹಾಕಿದ ಹಾಗಾಯಿತು. “ಚಿಟಿಕೆ ಅನ್ನೋದು ಅಳತೆ ಏನಮ್ಮ? ಎಕರೆಗೂ ಚದರ ಮೀಟರಿಗೂ ನಡುವೆ ಇರೋದು ಒಂದೇ ಅಂಕಿ. ನಾಲ್ಕು. ಐವತ್ತು ಇಂಟು ನಾಲ್ಕು, ಇನ್ನೂರು. ಚದರ ಮೀಟರಿಗೆ ಇನ್ನೂರು ಗ್ರಾಂ!”

ಅಲ್ಲೇ ಗಲ್ಲಾಪೆಟ್ಟಿಗೆಯ ಮೇಲಿದ್ದ ರಟ್ಟಿನ ತುಂಡಿನ ಮೇಲೆ ದಪ್ಪಕ್ಷರದಲ್ಲಿ ಬರೆದರು. ಕೆಳಗೆ ಒಂದು ಗೆರೆ ಎಳೆದರು. ನರ್ಸರಿಯಕ್ಕ ಅದನ್ನು ಗೊಬ್ಬರದ ಕಪಾಟಿಗೆ ಅಂಟಿಸಿ, “ದೊಡ್ಡವರು ಹೇಳಿದ್ಮೇಲೆ ಮುಗೀತು” ಎಂದಳು.

ಬಟ್ಟೆ ಕತ್ತರಿಸುವವಳ ಕಣ್ಣಿಗೆ ಅಳತೆ ಕುಟುಕುತ್ತದೆ. ಭಾನುವಾರ ಬೆಳಿಗ್ಗೆ ಮಾವ ತಾರಸಿಯ ಮೇಲೆ ಚೌಕಟ್ಟು ಇಟ್ಟು, ತಕ್ಕಡಿಗೆ ಡಬ್ಬಿ ನೇತುಹಾಕಿ, ಇನ್ನೂರು ತೂಗಿ ಸುರಿಯುವಾಗ ಸೊಸೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮಣ್ಣು ಬೆಳ್ಳಗಾಗಿತ್ತು.

“ಮಾವ, ಜಾಸ್ತಿ ಆಗ್ತಿದೆಯೇನೋ. ಎಕರೆ ಅಂದ್ರೆ ಅಷ್ಟು ದೊಡ್ಡದು, ಇದು ಇಷ್ಟೇ ಇಷ್ಟು. ಅಂಕಿ ಸಣ್ಣದಾಗ್ಬೇಕಲ್ವಾ?”

“ನೋಡಮ್ಮ” ಎಂದು ಮಾವ ನಕ್ಕರು, ಮಕ್ಕಳಿಗೆ ಹೇಳುವಂತೆ. “ಅಲ್ಲಿ ಕೆಜಿ, ಇಲ್ಲಿ ಗ್ರಾಂ. ಕೆಜಿಯಿಂದ ಗ್ರಾಮಿಗೆ ಇಳಿದಾಗ ಅಂಕಿ ದೊಡ್ಡದಾಗ್ಲೇಬೇಕು.”

ಆ ಮಾತು ಕೇಳಲು ಎಷ್ಟು ಸರಿಯಾಗಿತ್ತೆಂದರೆ ಸೊಸೆ ಸುಮ್ಮನಾದಳು. ಅರ್ಧ ಸತ್ಯದ ಕೆಲಸವೇ ಅದು, ಎದುರಿನವರ ಬಾಯಿ ಮುಚ್ಚಿಸುವುದು. ಅತ್ತೆ ಮಾತ್ರ ಬಟ್ಟೆ ಒಣಹಾಕುತ್ತ, “ಉಪ್ಪಿನಕಾಯಿಗೂ ಇಷ್ಟು ಉಪ್ಪು ಬೀಳಲ್ಲ” ಎಂದು ಗೊಣಗಿದರು. ಅವರ ಗೊಣಗಾಟವನ್ನು ಯಾರು ಲೆಕ್ಕಕ್ಕಿಟ್ಟಾರು? ಇಪ್ಪತ್ತು ಸಲ ಚೌಕಟ್ಟು ಎದ್ದು ಕೂತಿತು. ಕೊನೆಗೆ ಚೀಲದಲ್ಲಿ ಉಳಿದದ್ದು ಒಂದು ಕೆಜಿ.

ಮಂಗಳವಾರದ ಹೊತ್ತಿಗೆ ಎಲೆಗಳ ಅಂಚು ಕಂದಿತು. ಬುಧವಾರ ಬದನೆಯ ಎಲೆ ಬೆಂಕಿ ಹತ್ತಿರ ಹಿಡಿದ ಕಾಗದದಂತೆ ಮುದುರಿಕೊಂಡಿತು. ಮಾವ ಮಣ್ಣು ಮುಟ್ಟಿ ನೋಡಿದರು. ಮಣ್ಣು ಹಸಿಯಾಗಿಯೇ ಇತ್ತು, ಗಿಡ ಮಾತ್ರ ಬಾಯಾರಿದಂತೆ ಜೋತುಬಿದ್ದಿತ್ತು. ಹೊಲದಲ್ಲಾಗಿದ್ದರೆ ಇಂಥ ಗಿಡ ಕಂಡೊಡನೆ, “ಎಷ್ಟು ಗೊಬ್ಬರ ಸುರಿದೆಯಪ್ಪಾ?” ಎಂದು ರೈತನನ್ನು ಅವರೇ ಕೇಳುತ್ತಿದ್ದರು. ಇಲ್ಲಿ ಕೇಳಬೇಕಾದದ್ದು ತಮ್ಮನ್ನೇ. ಅದಕ್ಕೇ ಕೇಳಲಿಲ್ಲ.

“ಬಿಸಿಲು ಹೆಚ್ಚಾಯ್ತು. ಎರಡು ಹೊತ್ತೂ ನೀರು ಬಿಡಿ, ಬುಡ ಚೆನ್ನಾಗಿ ತೋಯಲಿ” ಎಂದರು. ಎರಡು ಹೊತ್ತೂ ನೀರು ಬಿಟ್ಟರು. ಮಡಿಯ ಅಡಿಯ ಕಿಂಡಿಗಳಿಂದ ನೀರು ಸಣ್ಣಗೆ ಹರಿದು, ತಾರಸಿಯ ಇಳಿಜಾರಿನಲ್ಲಿ ಮೂಲೆಯ ಕೊಳವೆಗೆ ಹೋಗುತ್ತಿತ್ತು. ಆ ಗೊಬ್ಬರ ಮಣ್ಣಿಗಾಗಲಿ ಸೋಸುಗುಂಡಿಯ ಮರಳಿಗಾಗಲಿ ಅಂಟಿಕೊಳ್ಳುವ ಜಾತಿಯದಲ್ಲ, ನೀರು ಹೋದಲ್ಲಿಗೆ ಹೋಗುತ್ತದೆ. ಮೆಟ್ಟಿಲು ಇಳಿಯುವಾಗ ಕೊಳವೆಯೊಳಗಿನ ಸಣ್ಣ ಸದ್ದು ಮಾವನ ಕಿವಿಗೆ ಬಿತ್ತು. ಮೊದಲೆಲ್ಲ ಅದು ಇಷ್ಟವಾಗುತ್ತಿತ್ತು. ಅಂದು ಯಾಕೋ ನಿಂತು ಕೇಳಲು ಮನಸ್ಸಾಗಲಿಲ್ಲ.

ಗುರುವಾರ ಮಳೆ ಹುಯ್ದಿತು. ಎರಡು ಗಂಟೆ ಎಡೆಬಿಡದೆ. ತಳ ಕಾಣುತ್ತಿದ್ದ ತೊಟ್ಟಿ ಕಂಠಮಟ್ಟ ತುಂಬಿತು. ಅತ್ತೆ ಮುಚ್ಚಳ ಎತ್ತಿ ಇಣುಕಿ, “ಕನ್ನಡಿ ಇದ್ದ ಹಾಗಿದೆ ನೀರು” ಎಂದು ಖುಷಿಪಟ್ಟರು. ನೀರು ನಿಜಕ್ಕೂ ಕನ್ನಡಿಯಂತೆಯೇ ಇತ್ತು. ಬಣ್ಣವಿಲ್ಲ, ವಾಸನೆಯಿಲ್ಲ, ಮುಖ ಕಾಣುತ್ತಿತ್ತು.

ಶನಿವಾರ ಕೂಸಿನ ಹೊಟ್ಟೆ ಕೆಟ್ಟಿತು. ಅತ್ತೆ ನೀರನ್ನು ಇನ್ನೂ ಹೆಚ್ಚು ಹೊತ್ತು ಕುದಿಸಿದರು. ಪಾತ್ರೆ ಅರ್ಧಕ್ಕಿಳಿಯುವವರೆಗೆ ಒಲೆಯ ಮುಂದೆಯೇ ನಿಂತಿದ್ದರು. ಆ ಮುದುಕಿಯ ಪ್ರೀತಿಗೆ ಏನು ಕೊರತೆಯಿತ್ತು? ಏನೂ ಇರಲಿಲ್ಲ. ಹುಳ ಸತ್ತಿತು, ಆದರೆ ಹಬೆಯಾಗಿ ಹೋದದ್ದು ಬರೀ ನೀರು. ನೀರಿನಲ್ಲಿ ಕರಗಿದ್ದದ್ದು ಪಾತ್ರೆಯಲ್ಲೇ ಉಳಿದು ಎರಡರಷ್ಟು ಗಟ್ಟಿಯಾಯಿತು.

ಸೋಮವಾರ ಮಧ್ಯಾಹ್ನ ಸೊಸೆ ಕೂಸಿನ ಕಾಲುಚೀಲ ಬಿಚ್ಚಿದವಳು ಹಾಗೇ ಕುಳಿತಳು. “ಮಾವ, ಸ್ವಲ್ಪ ಬನ್ನಿ. ಇದೇನು ಕಾಲು ಹೀಗಿದೆ?”

ಪಾದಗಳು ಬೂದಿಬಣ್ಣಕ್ಕೆ ತಿರುಗಿದ್ದವು. ಉಗುರು ನೇರಳೆ. ಬಾಯಿಯ ಸುತ್ತ ಪೆನ್ಸಿಲಿನಲ್ಲಿ ತೀಡಿದಂಥ ನೆರಳು. ಕೂಸು ಅಳುತ್ತಿರಲಿಲ್ಲ. ಹಸಿವಾದರೆ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ ಕೂಸು ಬಾಟಲಿ ಬಾಯಿಗಿಟ್ಟರೂ ಸುಮ್ಮನೆ ಮಲಗಿತ್ತು. “ಚಳಿಗೆ ಹಾಗಾಗಿದೆ” ಎಂದು ಅತ್ತೆ ಕೈಯಲ್ಲಿ ಪಾದ ಉಜ್ಜಿದರು. ಕೈ ಬಿಸಿಯಾಯಿತು, ಪಾದದ ಬಣ್ಣ ಬದಲಾಗಲಿಲ್ಲ. ಸೊಸೆ ಇನ್ನೊಂದು ಮಾತಾಡದೆ ಕೂಸನ್ನು ಟವಲಿನಲ್ಲಿ ಸುತ್ತಿ ಎದ್ದಳು.

ಆಸ್ಪತ್ರೆ ಮೂರು ಬೀದಿ ಆಚೆ, ಸಣ್ಣದು. ಡಾಕ್ಟರಮ್ಮ ಕೂಸಿನ ಕಾಲಿಗೆ ಕೆಂಪು ದೀಪದ ಕ್ಲಿಪ್ಪು ಸಿಕ್ಕಿಸಿ, ಮೂಗಿಗೆ ಆಮ್ಲಜನಕದ ಮುಖವಾಡ ಹಿಡಿಸಿದರು. ಪರದೆಯ ಮೇಲೆ ರಕ್ತದ ಆಮ್ಲಜನಕ ಎಂಬತ್ತೈದು, ತೊಂಬತ್ತೈದರ ಮೇಲಿರಬೇಕಾದದ್ದು. ಐದು ನಿಮಿಷವಾಯಿತು, ಎಂಬತ್ತೈದು. ಆಮ್ಲಜನಕ ಹೆಚ್ಚಿಸಿದರು, ಎಂಬತ್ತೈದು. ಎದೆಗೆ ಸ್ಟೆತಸ್ಕೋಪು ಇಟ್ಟು ಆಲಿಸಿದರು. ಹೃದಯವೂ ಶ್ವಾಸಕೋಶವೂ ಕೇಳಲು ಚೆನ್ನಾಗಿಯೇ ಇದ್ದವು.

“ಹುಟ್ಟಿದಾಗ ಹೃದಯದ ತೊಂದರೆ ಏನಾದ್ರೂ ಹೇಳಿದ್ರಾ?”

“ಇಲ್ಲ ಡಾಕ್ಟ್ರೇ. ಚೆನ್ನಾಗಿದ್ದ.” ಎಂದಳು ಸೊಸೆ.

“ದೊಡ್ಡ ಆಸ್ಪತ್ರೆಗೆ ಕಳಿಸೋದು ಒಳ್ಳೇದು. ಹೃದಯದ ಡಾಕ್ಟರು ಅಲ್ಲಿದ್ದಾರೆ. ದಾರಿ ಒಂದು ಗಂಟೆ ಆಗುತ್ತೆ” ಎಂದು ಅವರು ನರ್ಸಿಗೆ ಆಂಬುಲೆನ್ಸ್ ಕರೆಯಲು ಹೇಳಿದರು. ಅಷ್ಟರಲ್ಲಿ ನರ್ಸು ರಕ್ತ ತೆಗೆದಿದ್ದಳು. ಡಾಕ್ಟರಮ್ಮ ಆ ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದು ತಡೆದು ನಿಂತರು. ರಕ್ತ ಕೆಂಪಗಿರಲಿಲ್ಲ. ಕಾಫಿ ಡಿಕಾಕ್ಷನ್ನಿನಂತೆ ಕಂದಾಗಿತ್ತು.

“ಮಗುಗೆ ಏನಾದ್ರೂ ಔಷಧಿ ಕೊಟ್ರಾ? ಬಾವಿ ನೀರು ಕುಡಿಸಿದ್ರಾ?”

“ಛೆ ಛೆ, ಬಾವಿ ನೀರೆಲ್ಲಿ? ಶುದ್ಧ ಮಳೆ ನೀರು. ಅದನ್ನೂ ಅರ್ಧ ಆಗೋವರೆಗೆ ಕುದಿಸಿದ್ದು” ಎಂದರು ಅತ್ತೆ.

ಬಾವಿ ನೀರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಾವನಿಗೆ ಒಂದು ಹಳೆಯ ಬಾವಿ ನೆನಪಾಯಿತು. ಎಷ್ಟೋ ವರ್ಷದ ಹಿಂದೆ ತರಕಾರಿ ಹೊಲಗಳ ನಡುವೆ ಚೌಕಟ್ಟು ಹೊತ್ತು ನಡೆಯುವಾಗ ಒಂದು ಬಾವಿಯ ಕಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದದ್ದನ್ನು ಕಂಡಿದ್ದರು. ‘ಹಸುಗೂಸುಗಳಿಗೆ ಕುಡಿಸಬೇಡಿ.’ ಯಾಕೆಂದು ಕೇಳಿದಾಗ ಆರೋಗ್ಯ ಇಲಾಖೆಯವನು, “ಗೊಬ್ಬರ ನೀರಿಗಿಳಿದಿದೆ ಸಾರ್. ನೈಟ್ರೇಟು. ನಮಗೆ ನಿಮಗೆ ಏನೂ ಆಗಲ್ಲ, ಕೂಸುಗಳ ಮೈ ನೀಲಿಯಾಗುತ್ತೆ. ಕುದಿಸಿದ್ರೂ ಹೋಗಲ್ಲ” ಎಂದಿದ್ದ. ಮಾವ ಅವತ್ತು ತಲೆಯಾಡಿಸಿ, ಆ ಹೊಲದ ಇಳುವರಿ ಬರೆದುಕೊಂಡು ಮುಂದೆ ಹೋಗಿದ್ದರು.

ಆದರೂ ಅವರ ಮನಸ್ಸು ಒಂದು ಕೊನೆಯ ಆಸರೆ ಹಿಡಿದುಕೊಂಡಿತು. ಅಷ್ಟು ಗೊಬ್ಬರ ಎಲ್ಲಿ ಹಾಕಿದ್ದೇನೆ? ಎಕರೆಗೆ ಐವತ್ತರ ಲೆಕ್ಕವೇ ತಾನೆ? ಸರಿ, ನೋಡಿಬಿಡೋಣ ಎಂದು, ತಮಗೆ ಗೊತ್ತಿದ್ದ ಒಂದೇ ದಾರಿಯಲ್ಲಿ ಲೆಕ್ಕ ಹಾಕಿದರು. ಚೌಕಟ್ಟಿನೊಳಗೆ ಬಿದ್ದದ್ದು ಇನ್ನೂರು ಗ್ರಾಂ. ಇಂಟು ನಾಲ್ಕು.

ಎಂಟುನೂರು.

ಎಕರೆಗೆ ಎಂಟುನೂರು ಕೆಜಿ. ಒಂದು ಮೂಟೆ ಸಾಕಾಗುವ ಎಕರೆಗೆ ಹದಿನಾರು ಮೂಟೆ. ಚೌಕಟ್ಟಿನಿಂದ ಎಕರೆಗೆ ಹೋಗುವಾಗ ಗುಣಿಸಬೇಕು, ಎಕರೆಯಿಂದ ಚೌಕಟ್ಟಿಗೆ ಬರುವಾಗ ಭಾಗಿಸಬೇಕು. ಐವತ್ತನ್ನು ನಾಲ್ಕರಿಂದ ಭಾಗಿಸಿದ್ದರೆ ಹನ್ನೆರಡೂವರೆ ಗ್ರಾಂ. ಇಡೀ ತಾರಸಿಗೆ ಕಾಲು ಕೆಜಿ. ಅವರು ಹಾಕಿದ್ದು ನಾಲ್ಕು ಕೆಜಿ. ಮೂವತ್ತೊಂದು ವರ್ಷ ಒಂದೇ ದಿಕ್ಕಿಗೆ ನಡೆದ ಕಾಲು ಹಿಂದಿರುಗುವಾಗಲೂ ಅದೇ ದಿಕ್ಕಿಗೆ ನಡೆದಿತ್ತು. ಕಾವಲಿಗಿದ್ದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಹೊರಗೆ ಆಂಬುಲೆನ್ಸಿನ ಬಾಗಿಲು ತೆರೆದ ಸದ್ದು. ನರ್ಸು ಕೂಸನ್ನು ಎತ್ತಿಕೊಳ್ಳಲು ಬಗ್ಗಿದಳು. ಮಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹೇಳಿದರೆ ಸೊಸೆಯ ಮುಖ ನೋಡುವುದು ಹೇಗೆ? ಅಲ್ಲಿಯ ಡಾಕ್ಟರೇ ಕಂಡುಹಿಡಿದಾರು, ನಾನೇ ಯಾಕೆ ಬಾಯಿ ಬಿಡಲಿ ಎಂಬ ಯೋಚನೆಯೂ ಬಂತು. ಬಂತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಅಷ್ಟು ಹೊತ್ತು ಅವರು ತಮ್ಮ ಮರ್ಯಾದೆಯನ್ನೂ ಆ ಕೂಸನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದರು. ಆಮೇಲೆ ಪರದೆಯ ಮೇಲೆ ಎಂಬತ್ತೈದು ಹೋಗಿ ಎಂಬತ್ತಮೂರು ಬಂತು.

“ಡಾಕ್ಟ್ರೇ, ನೀರು. ನೀರಲ್ಲಿ ನೈಟ್ರೇಟ್ ಇದೆ” ಎಂದರು ಮಾವ. “ತಾರಸಿ ತೋಟಕ್ಕೆ ನಾಲ್ಕು ಕೆಜಿ ಗೊಬ್ಬರ ಹಾಕಿದೀನಿ. ಕಾಲು ಕೆಜಿ ಹಾಕ್ಬೇಕಿತ್ತು. ಎಲ್ಲಾ ತೊಟ್ಟಿಗಿಳಿದಿದೆ. ಲೆಕ್ಕ ತಪ್ಪಿದ್ದು ನಾನು.”

ಡಾಕ್ಟರಮ್ಮ ತಕ್ಷಣ, “ಆಂಬುಲೆನ್ಸ್ ನಿಲ್ಲಿಸಿ. ಮೆಥಿಲೀನ್ ಬ್ಲೂ ಇದೆಯಾ ನೋಡಿ, ಕೆಳಗಿನ ಕಪಾಟಲ್ಲಿ” ಎಂದು ನರ್ಸನ್ನು ಓಡಿಸಿದರು. ಇತ್ತು. ಒಂದೇ ಒಂದು ಸೀಸೆ. ಶಾಯಿಯಂಥ ಕಡುನೀಲಿ ಔಷಧಿ ಕೂಸಿನ ನರಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ನೀಲಿಗಟ್ಟಿದ ಮೈಗೆ ನೀಲಿ ಮದ್ದು. ಅತ್ತೆ ಗೋಡೆ ಹಿಡಿದು ಕೆಳಗೆ ಕುಳಿತು, “ನಾನೇ ಕುದಿಸಿ ಕುದಿಸಿ ಕೊಟ್ಟೆನಲ್ಲೋ” ಎಂದು ಅತ್ತರು. ಯಾರೂ ಅವರಿಗೆ ಸಮಾಧಾನ ಹೇಳಲಿಲ್ಲ. ಹೇಳಬೇಕಾದವರು ಮಾವ, ಅವರಿಗೆ ಆ ಅಧಿಕಾರ ಉಳಿದಿರಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ತುಟಿಗೆ ಬಣ್ಣ ಬಂತು. ಆಮೇಲೆ ಕೂಸು ಅತ್ತಿತು, ಮೊದಲು ಕೀರಲಾಗಿ, ಆಮೇಲೆ ಬೀದಿಗೆಲ್ಲ ಕೇಳುವಂತೆ. ಅದರ ಬಟ್ಟೆ ಹಸಿರುನೀಲಿಯಾಗಿ ಒದ್ದೆಯಾದಾಗ ನರ್ಸು, “ಗಾಬರಿ ಬೇಡ, ಔಷಧಿಯ ಬಣ್ಣ” ಎಂದು ಮೊದಲ ಸಲ ನಕ್ಕಳು. ಡಾಕ್ಟರಮ್ಮ ಎರಡು ದಿನ ಇರಬೇಕು ಎಂದರು. ಆ ತೊಟ್ಟಿಯ ಒಂದು ಹನಿಯೂ ಮಗುವಿಗೆ ತಾಕಬಾರದು ಎಂದರು.

ಮಾವ ಬಾಗಿಲ ಬಳಿ ನಿಂತೇ ಇದ್ದರು. ಸೊಸೆ ಬೈಯುತ್ತಾಳೆಂದು ಕಾಯುತ್ತಿದ್ದರು. ಬೈದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕೂಸಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡು, ಉಗುರುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಹತ್ತೂ ನೋಡಿ ಮುಗಿಸಿ ತಲೆ ಎತ್ತಿದಳು.

“ಮಾವ, ನರ್ಸರೀಲೂ ಒಂದು ಚೀಟಿ ಬರೆದು ಕೊಟ್ಟಿದ್ರಲ್ಲ?”

ಅವರು ಓಡಿದರು. ಅರವತ್ತೆರಡರ ವಯಸ್ಸಿಗೆ, ಚಪ್ಪಲಿ ಒಂದು ಕಡೆ ಜಾರಿದರೂ ನಿಲ್ಲದೆ, ಮೂರು ಬೀದಿ ದಾಟಿ ನರ್ಸರಿಯವರೆಗೆ. ಪಡುವಣದಲ್ಲಿ ಮೋಡ ಮತ್ತೆ ಕಟ್ಟುತ್ತಿತ್ತು. ರಟ್ಟಿನ ತುಂಡು ಅಲ್ಲೇ ಇತ್ತು, ಕಪಾಟಿನ ಮೇಲೆ, ಅವರದೇ ದಪ್ಪಕ್ಷರ, ಕೆಳಗೆ ಅವರೇ ಎಳೆದ ಗೆರೆ. ಮಾವ ಅದನ್ನು ಕಿತ್ತರು. ಅದರ ಹಿಂದಿನ ಕಪಾಟಿನಲ್ಲಿ ಚೀಲಗಳಿದ್ದ ಜಾಗ ಬರಿದಾಗಿತ್ತು.

“ಅಯ್ಯೋ, ಯಾಕೆ ಕೀಳ್ತೀರಾ?” ಎಂದಳು ನರ್ಸರಿಯಕ್ಕ. “ನಿಮ್ಮ ಚೀಟಿಯಿಂದಾನೇ ಅಷ್ಟೂ ಚೀಲ ಹೋಯ್ತು. ಜನ ಬರ್ತಾರೆ, ಫೋಟೋ ಹೊಡ್ಕೊಂಡು ಹೋಗ್ತಾರೆ. ಫೋನಲ್ಲಿ ಅವರವರ ಗುಂಪಿಗೆಲ್ಲ ಕಳಿಸ್ತಾರಂತೆ. ದೊಡ್ಡವರ ಲೆಕ್ಕ ಅಂದೆ.”

“ಎಷ್ಟು ಜನ?” ಮಾವನಿಗೆ ಉಸಿರು ಸಿಗುತ್ತಿರಲಿಲ್ಲ. “ಯಾರ್ಯಾರು? ಮನೆ ಎಲ್ಲಿ? ಮಳೆನೀರು ಹಿಡಿಯೋರಾ? ಮನೇಲಿ ಕೂಸು ಇರೋರು ಯಾರಾದ್ರೂ?”

ನರ್ಸರಿಯಕ್ಕ ಕೈಯಲ್ಲಿದ್ದ ಸಸಿಯನ್ನು ಕೆಳಗಿಟ್ಟು, ಅವರ ಮುಖವನ್ನೇ ನೋಡಿದಳು.

“ಅದನ್ನೆಲ್ಲ ಯಾರು ಲೆಕ್ಕ ಇಡ್ತಾರೆ ಸ್ವಾಮಿ?” ಎಂದಳು.

ನರ್ಸರಿಯ ತಗಡಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದವು. ಬೀದಿಯುದ್ದಕ್ಕೂ ಮನೆಗಳಿದ್ದವು. ಮಾವ ರಟ್ಟನ್ನು ಎದೆಗೆ ಒತ್ತಿ ಹಿಡಿದು, ಮೊದಲನೆಯ ಮನೆಯ ಬಾಗಿಲು ತಟ್ಟಲು ಹೋದರು.